ಅಜ್ಜಿಯ ತಲೆ ಹೆಗಲ ಮೇಲೆ ಕೂರುತ್ತಿಲ್ಲ

ಪ್ರಶ್ನೆ: ಶಿರಸಿಯಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೊ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಹನ್ನೊಂದು ಜನರ ಒಂದು ಕುಟುಂಬದ ಗ್ರೂಪ್ ಫೋಟೊ ತೆಗೆದಿದ್ದೆವು. ನಡುವೆ ಕುರ್ಚಿಯಲ್ಲಿ ಕೂತ ಅಜ್ಜಿ ಎಲ್ಲ ಫ್ರೇಮಿನಲ್ಲೂ ಕಣ್ಣು ಮುಚ್ಚಿ ತಲೆ ತಗ್ಗಿಸಿದ್ದಾರೆ. ಮೊಮ್ಮಗ ಅಜ್ಜಿ ಜೊತೆ ತೆಗೆದ ಸೆಲ್ಫಿ ಕೊಟ್ಟಿದ್ದಾನೆ. ಮನೆ ಜಗಲಿಯಲ್ಲಿ ಕೂತ ಇನ್ನೊಂದು ಫೋಟೊ ಇದೆ, ಅದು ಅಷ್ಟು ಚೆನ್ನಾಗಿಲ್ಲ. ಸೆಲ್ಫಿಯ ತಲೆ ಇಟ್ಟರೆ ದೊಡ್ಡದಾಗಿ ಕಾಣ್ತದೆ, ಸಣ್ಣ ಮಾಡಿದ್ರೆ ಗೊಂಬೆ ತಲೆ. ಕುತ್ತಿಗೆಯಂತೂ ಕೂರುವುದೇ ಇಲ್ಲ. ಅಳತೆ ಯಾವ ಲೆಕ್ಕದಲ್ಲಿ ಹಾಕಬೇಕು? ಮೂರೂ ಫೈಲ್ ಕಳಿಸಿದ್ದೇನೆ.

ಉತ್ತರ: ಆ ಸೆಲ್ಫಿಗೆ ಸರಿಯಾದ ಅಳತೆ ಎಂಬುದೇ ಇಲ್ಲ. ನಿಮ್ಮ ಕೈಯಲ್ಲಿ ದೋಷವಿಲ್ಲ, ಫೋಟೊ ತೆಗೆದ ದೂರದಲ್ಲಿದೆ. ಚೆನ್ನಾಗಿಲ್ಲವೆಂದು ಬದಿಗಿಟ್ಟ ಜಗಲಿಯ ಫೋಟೊದಿಂದಲೇ ಈ ಕೆಲಸ ಆಗುತ್ತದೆ.

ಮುಖ ಚಪ್ಪಟೆ ಹಾಳೆಯಲ್ಲ. ಕಣ್ಣಿನ ಮಟ್ಟದಿಂದ ಮೂಗಿನ ತುದಿ ಸುಮಾರು 3 ಸೆಂ.ಮೀ. ಮುಂದಿದೆ, ಕಿವಿ ಸುಮಾರು 9 ಸೆಂ.ಮೀ. ಹಿಂದಿದೆ. ಕ್ಯಾಮೆರಾ ನಾಲ್ಕೂವರೆ ಮೀಟರ್ ದೂರದಲ್ಲಿದ್ದರೆ ಈ 9 ಸೆಂ.ಮೀ. ಲೆಕ್ಕಕ್ಕೇ ಬಾರದು. ಕಣ್ಣು 450 ಸೆಂ.ಮೀ. ದೂರ, ಕಿವಿ 459. ಕಿವಿ ಇರಬೇಕಾದ್ದಕ್ಕಿಂತ ಶೇ. 2ರಷ್ಟು ಮಾತ್ರ ಸಣ್ಣದಾಗಿ ಬೀಳುತ್ತದೆ. ಫೋನು 55 ಸೆಂ.ಮೀ. ದೂರದಲ್ಲಿದ್ದರೆ ಕಿವಿ 64 ಸೆಂ.ಮೀ. ದೂರದಲ್ಲಿರುತ್ತದೆ, ಆಗ ಅದು ಶೇ. 14ರಷ್ಟು ಸಣ್ಣದಾಗುತ್ತದೆ. ಕಿವಿ ಮಾತ್ರವಲ್ಲ, ಅದೇ ಆಳದಲ್ಲಿರುವ ತಲೆಯ ಇಡೀ ಹೊರಗೆರೆ, ನೆತ್ತಿ, ಕಪೋಲದ ಅಂಚು ಎಲ್ಲವೂ ಒಳಕ್ಕೆ ಸರಿಯುತ್ತವೆ. ಮೂಗು ಮಾತ್ರ ಶೇ. 6ರಷ್ಟು ಉಬ್ಬುತ್ತದೆ.

ಹಾಗಾಗಿ ಸೆಲ್ಫಿಯ ಕಣ್ಣನ್ನು ಗ್ರೂಪ್ ಫೋಟೊದ ಕಣ್ಣಿಗೆ ಅಳತೆ ಮಾಡಿ ಕೂರಿಸಿದರೆ ತಲೆಯ ಹೊರಗೆರೆ ಶೇ. 12ರಷ್ಟು ಕಿರಿದಾಗುತ್ತದೆ. ನೀವು ಗೊಂಬೆ ತಲೆ ಎಂದದ್ದು ಇದನ್ನೇ. ಹೊರಗೆರೆಯನ್ನು ಹೊಂದಿಸಿದರೆ ಅದರೊಳಗಿನ ಕಣ್ಣು, ಮೂಗು, ಬಾಯಿ ಶೇ. 14ರಷ್ಟು ಹಿಗ್ಗುತ್ತವೆ, ತಲೆ ದೊಡ್ಡದೆನಿಸುತ್ತದೆ. ಎರಡರ ನಡುವೆ ಯಾವ ಅಳತೆಗೆ ನಿಲ್ಲಿಸಿದರೂ ಎರಡೂ ತಪ್ಪು ಸ್ವಲ್ಪ ಸ್ವಲ್ಪ ಉಳಿಯುತ್ತವೆ. ಇದು ಲೆನ್ಸಿನ ತಪ್ಪೆಂದು ಹಲವರು ತಿಳಿಯುತ್ತಾರೆ. ಅಲ್ಲ. ಅದೇ ಫೋನಿನಲ್ಲಿ ನಾಲ್ಕೂವರೆ ಮೀಟರ್ ದೂರ ಹೋಗಿ ತೆಗೆದು ಕತ್ತರಿಸಿಕೊಂಡರೆ ಮುಖದ ಆಕಾರ ನಿಮ್ಮ ದೊಡ್ಡ ಕ್ಯಾಮೆರಾದ್ದೇ ಆಗಿರುತ್ತದೆ, ಚಿತ್ರ ಮಾತ್ರ ಒಡೆಯುತ್ತದೆ.

ಆದ್ದರಿಂದ ತಲೆ ಕತ್ತರಿಸುವ ಮೊದಲು ಪ್ರತಿ ಫೋಟೊವನ್ನು ಎಷ್ಟು ದೂರದಿಂದ ತೆಗೆದದ್ದೆಂದು ಕಂಡುಹಿಡಿಯಬೇಕು. ಇದಕ್ಕೆ ಒಂದೇ ಒಂದು ಲೆಕ್ಕ ಸಾಕು. ವಯಸ್ಕರ ಎರಡು ಕಣ್ಣುಗಳ ಹೊರಮೂಲೆಗಳ ನಡುವೆ ಸುಮಾರು 9 ಸೆಂ.ಮೀ. ಅಂತರ. ಪಾಪೆಗಳ ನಡುವಿನ ಅಂತರವನ್ನೂ ಹಿಡಿಯಬಹುದಿತ್ತು, ಆದರೆ ನಿಮ್ಮ ಅಜ್ಜಿ ಕಣ್ಣು ಮುಚ್ಚಿದ್ದಾರಲ್ಲ. ಫೋಟೊಶಾಪಿನಲ್ಲಿ Ruler Tool ಹಿಡಿದು ಒಂದು ಹೊರಮೂಲೆಯಿಂದ ಇನ್ನೊಂದಕ್ಕೆ ಎಳೆಯಿರಿ. ಮೇಲಿನ ಪಟ್ಟಿಯಲ್ಲಿ L1 ಎಂದು ಉದ್ದ, A ಎಂದು ಓರೆ ಕಾಣುತ್ತದೆ. ಅಳತೆ ಪಿಕ್ಸೆಲ್‌ನಲ್ಲಿರಲಿ. ಜಿಂಪ್ ಬಳಸುವವರಿಗೆ Measure ಉಪಕರಣ ಇದೇ ಎರಡನ್ನೂ ಕೊಡುತ್ತದೆ.

```
ದೂರ (ಸೆಂ.ಮೀ.) = 9 × F ÷ ಕಣ್ಣಿನ ಹೊರಮೂಲೆಗಳ ಅಂತರ (ಪಿಕ್ಸೆಲ್)
F = 30 ಸೆಂ.ಮೀ. ಪಟ್ಟಿ ತುಂಬಿದ ಪಿಕ್ಸೆಲ್ × 100 ÷ 30
```

ಇಲ್ಲಿ F ಎಂಬುದು ಆ ಕ್ಯಾಮೆರಾದ ಸ್ವಂತ ಸಂಖ್ಯೆ. ಶಾಲೆಯ ಮಕ್ಕಳ 30 ಸೆಂ.ಮೀ. ಪಟ್ಟಿಯನ್ನು ಗೋಡೆಗೆ ಅಂಟಿಸಿ, ಅಳತೆ ಟೇಪು ಹಿಡಿದು ಸರಿಯಾಗಿ ಒಂದು ಮೀಟರ್ ದೂರದಿಂದ, ಪಟ್ಟಿ ಚಿತ್ರದ ನಡುವೆ ಬರುವಂತೆ ಒಂದು ಫೋಟೊ ತೆಗೆಯಿರಿ. ಪಟ್ಟಿ 900 ಪಿಕ್ಸೆಲ್ ತುಂಬಿದರೆ F 3000. ಫೋನಿನ ಮುಂದಿನ ಕ್ಯಾಮೆರಾಕ್ಕೂ ಹಿಂದಿನದಕ್ಕೂ ಬೇರೆ ಬೇರೆ ತೆಗೆಯಬೇಕು, ಝೂಮ್ ಮುಟ್ಟಬಾರದು. ಫೋಟೊ ವಾಟ್ಸಾಪಿನಲ್ಲಿ ಬಂದು 4000 ಪಿಕ್ಸೆಲ್ ಇದ್ದದ್ದು 1600ಕ್ಕೆ ಇಳಿದಿದ್ದರೆ F ಕೂಡ ಅದೇ ಪ್ರಮಾಣದಲ್ಲಿ ಇಳಿದು 1200 ಆಗುತ್ತದೆ. ಯಾರೋ ಮೊದಲೇ ಅಂಚು ಕತ್ತರಿಸಿದ ಫೋಟೊ ಆದರೆ F ಬದಲಾಗದು, ಚಿಂತೆ ಬೇಡ.

ನಿಮ್ಮ ಫೈಲ್‌ಗಳಲ್ಲಿ ಅಳೆದದ್ದು ಹೀಗಿದೆ. ಗ್ರೂಪ್ ಫೋಟೊ 6000 ಪಿಕ್ಸೆಲ್ ಅಗಲ, ಎಪಿಎಸ್-ಸಿ ಸೆನ್ಸರ್, 35 ಮಿ.ಮೀ. ಲೆನ್ಸ್, ಸೆನ್ಸರಿನ ಅಗಲ 23.5 ಮಿ.ಮೀ. ಹಿಡಿದರೆ F ಸುಮಾರು 8900. ಅಜ್ಜಿಯ ಕಣ್ಣಂತರ 179 ಪಿಕ್ಸೆಲ್, ಅಂದರೆ ದೂರ ನಾಲ್ಕೂವರೆ ಮೀಟರ್ ಹತ್ತಿರ. ಸೆಲ್ಫಿಯಲ್ಲಿ ಕಣ್ಣಂತರ 492, F 3000 ಹಿಡಿದರೆ ದೂರ 55 ಸೆಂ.ಮೀ. ಜಗಲಿಯ ಫೋಟೊದಲ್ಲಿ 180, ದೂರ ಒಂದೂವರೆ ಮೀಟರ್. ಫೋನಿನ F ನಾನು ಅಂದಾಜಿಗೆ ಹಿಡಿದದ್ದು, ಪಟ್ಟಿಯ ಫೋಟೊ ತೆಗೆದು ನೀವು ಖಚಿತ ಮಾಡಿಕೊಳ್ಳಿ. ಅಜ್ಜಿಯ ಕಣ್ಣಂತರ 9ರ ಬದಲು ಎಂಟೂವರೆ ಇದ್ದರೂ ದೂರ ಶೇ. 5–6ರಷ್ಟು ಆಚೀಚೆ ಆಗುತ್ತದೆ, ನಮ್ಮ ತೀರ್ಮಾನ ಬದಲಾಗದು.

ಒಂದೂವರೆ ಮೀಟರಿನಿಂದ ಕಿವಿಯ ಮಟ್ಟ ಶೇ. 6ರಷ್ಟು ಕಿರಿದಾಗುತ್ತದೆ, ಗ್ರೂಪ್ ಫೋಟೊದಲ್ಲಿ ಶೇ. 2. ವ್ಯತ್ಯಾಸ ಬರೇ 4. ಇಷ್ಟನ್ನು ಕೈಯಲ್ಲಿ ಸರಿಮಾಡಬಹುದು. 80 ಸೆಂ.ಮೀ. ದೂರದ ಫೋಟೊ ಆದರೆ ವ್ಯತ್ಯಾಸ 8 ಆಗುತ್ತದೆ, ಅಲ್ಲಿಯವರೆಗೆ ಕಷ್ಟಪಟ್ಟು ಎಳೆಯಬಹುದು. ಅದಕ್ಕಿಂತ ಹತ್ತಿರದ ಫೋಟೊದಿಂದ ಇಡೀ ತಲೆ ತೆಗೆಯುವ ಗೋಜಿಗೆ ಹೋಗಬೇಡಿ. ಸೆಲ್ಫಿಗೆ ಇನ್ನೊಂದು ಕಾಯಿಲೆಯೂ ಇದೆ: ಅಜ್ಜಿ ಅದರಲ್ಲಿ ಅಂಚಿಗಿದ್ದಾರೆ. ಅಗಲ ಲೆನ್ಸು ಅಂಚಿನಲ್ಲಿರುವ ಮುಖವನ್ನು ಹೊರಗಡೆಗೆ ಎಳೆಯುತ್ತದೆ. ಚಿತ್ರದ ನಡುವಿನಿಂದ 20 ಡಿಗ್ರಿ ಆಚೆಗಿದ್ದರೆ ಶೇ. 6ರಷ್ಟು ಎಳೆತ. ಹತ್ತಿರದಿಂದಾದ ಕಿರಿದು, ಅಂಚಿನಿಂದಾದ ಎಳೆತ ಎರಡೂ ಕೂಡಿದ ಮುಖವನ್ನು ಬಿಡಿಸುತ್ತ ಕೂರುವುದು ಸಮಯದ ದಂಡ. ಬೇರೆ ಗತಿಯೇ ಇಲ್ಲದಿದ್ದರೆ ಸೆಲ್ಫಿಯಿಂದ ಕಣ್ಣು ಮಾತ್ರ ತೆಗೆಯಬಹುದು: ಹುಬ್ಬಿನ ಕೆಳಗಿಂದ ಕೆಳರೆಪ್ಪೆಯವರೆಗೆ, ಒಂದೊಂದು ಕಣ್ಣು ಬೇರೆ ಬೇರೆಯಾಗಿ, ಶೇ. 36ಕ್ಕೆ ಇಳಿಸಿ. ಅಷ್ಟು ಜಾಗದಲ್ಲಿ ಆಳವೇ ಇಲ್ಲದ್ದರಿಂದ ದೂರದ ದೋಷ ಕಾಣುವುದಿಲ್ಲ. ಆದರೆ ಅದಕ್ಕೂ ಎರಡೂ ಫೋಟೊದಲ್ಲಿ ಮುಖದ ಓಲುವಿಕೆ ಒಂದೇ ಇರಬೇಕು, ನಿಮ್ಮಲ್ಲಿ ಹಾಗಿಲ್ಲ.

ಜಗಲಿಯ ಫೋಟೊದ ಅಳತೆಯನ್ನು ನೋಡಿ: 179 ಭಾಗಿಸು 180, ಅಂದರೆ ಶೇ. 99. ತಲೆಯನ್ನು ಹೆಚ್ಚುಕಡಿಮೆ ಇದ್ದ ಹಾಗೇ ಇಡಬೇಕು. ಪದರವನ್ನು ಮೊದಲು Convert to Smart Object ಮಾಡಿ, ನಂತರ Free Transform ತೆರೆದು ಅಗಲ ಎತ್ತರ ಎರಡಕ್ಕೂ 99% ಬರೆಯಿರಿ. ಮೂಲೆ ಹಿಡಿದು ಕಣ್ಣಂದಾಜಿಗೆ ಎಳೆಯಬೇಡಿ. ಕಣ್ಣಂದಾಜು ಯಾವಾಗಲೂ ಕೂದಲಿನ ಅಂಚನ್ನು ಹೊಂದಿಸಲು ಹೋಗುತ್ತದೆ, ಮೋಸ ಹೋಗುವುದು ಅಲ್ಲೇ.

ಈಗ ಉಳಿದ ಶೇ. 4. ಗ್ರೂಪ್ ಫೋಟೊದಲ್ಲಿ ಒಂದು ಸೆಂ.ಮೀ.ಗೆ ಸುಮಾರು 20 ಪಿಕ್ಸೆಲ್ ಬೀಳುತ್ತದೆ. ತಲೆಯ ಅಗಲ 15 ಸೆಂ.ಮೀ. ಅಂದರೆ 300 ಪಿಕ್ಸೆಲ್, ಅದರ ಶೇ. 4 ಅಂದರೆ 12. ಒಂದೊಂದು ಬದಿಗೆ 6 ಪಿಕ್ಸೆಲ್ ಹೊರಕ್ಕೆ ಸರಿಸಬೇಕು, ನೆತ್ತಿಯನ್ನು 8ರಷ್ಟು ಮೇಲಕ್ಕೆ. Liquify ತೆರೆದು Freeze Mask Tool ನಿಂದ ಹುಬ್ಬು, ಕಣ್ಣು, ಮೂಗು, ಬಾಯಿ, ಗಲ್ಲದ ತುದಿಯನ್ನೆಲ್ಲ ಬಣ್ಣ ಬಳಿದು ಕಟ್ಟಿಹಾಕಿ. ಆಮೇಲೆ Forward Warp Tool ನ ಕುಂಚವನ್ನು 250ರಷ್ಟು ದೊಡ್ಡದು ಮಾಡಿ, ಕಿವಿಯನ್ನೂ ಕಪೋಲದ ಅಂಚನ್ನೂ ಒಟ್ಟಿಗೆ ಹೊರಕ್ಕೆ ತಳ್ಳಿ. ಸಣ್ಣ ಕುಂಚದಲ್ಲಿ ಮಾಡಿದರೆ ಕಿವಿ ಮಾತ್ರ ಹಿಗ್ಗಿ ಕಪೋಲ ಅಲ್ಲೇ ಉಳಿಯುತ್ತದೆ, ಅಲ್ಲೊಂದು ತಗ್ಗು ಬೀಳುತ್ತದೆ. Face Width ಎಂಬ ಸಿದ್ಧ ಪಟ್ಟಿ ಇಲ್ಲಿ ಬೇಡ. ಅದು ಮುಖವನ್ನು ಮಾತ್ರ ಅಗಲ ಮಾಡುತ್ತದೆ, ಹಿಂದಿನ ಕೂದಲನ್ನು ಕೇಳುವುದಿಲ್ಲ. ಮೂಗಿನ ವ್ಯತ್ಯಾಸ ಈ ದೂರದಲ್ಲಿ ಶೇ. 1 ಚಿಲ್ಲರೆ, ಮುಟ್ಟಲೇಬೇಡಿ.

ಇನ್ನು ಕುತ್ತಿಗೆ. ಇಲ್ಲಿ ಎರಡು ಕೋನಗಳಿವೆ, ಅವನ್ನು ಒಂದೇ ಎಂದು ತಿಳಿದರೆ ಕೆಲಸ ಕೆಡುತ್ತದೆ. ಕ್ಯಾಮೆರಾಕ್ಕೆ ಮುಖ ಎಷ್ಟು ಓಲಿದೆ ಎಂಬುದು ಒಂದು. ಮೈಗೆ ಮುಖ ಎಷ್ಟು ಓಲಿದೆ ಎಂಬುದು ಇನ್ನೊಂದು. ತಲೆ ಕತ್ತರಿಸಿ ತರುವಾಗ ಮೊದಲನೆಯದು ತಲೆಯ ಜೊತೆ ಬರುತ್ತದೆ, ಎರಡನೆಯದು ಕುತ್ತಿಗೆಯ ಜೊತೆ.

ಮೊದಲನೆಯದನ್ನು ಕಿವಿ ಹೇಳುತ್ತದೆ. ಮುಖ ಕ್ಯಾಮೆರಾಕ್ಕೆ ನೇರವಿದ್ದರೆ ಕಿವಿಯ ಮೇಲ್ತುದಿ ಹುಬ್ಬಿನ ಸಾಲಿಗೂ ಕೆಳತುದಿ ಮೂಗಿನ ಬುಡದ ಸಾಲಿಗೂ ಹತ್ತಿರ ಬೀಳುತ್ತದೆ. ಮುಖ ತಗ್ಗಿದರೆ, ಅಥವಾ ಕ್ಯಾಮೆರಾ ಮೇಲಿಂದ ನೋಡಿದರೆ, ಕಿವಿ ಆ ಸಾಲುಗಳಿಗಿಂತ ಮೇಲೇರುತ್ತದೆ. ಮುಖ ಎತ್ತಿದರೆ ಕೆಳಗಿಳಿಯುತ್ತದೆ. ವಯಸ್ಸಾದವರ ಹಾಲೆ ಓಲೆಯ ಭಾರಕ್ಕೆ ಜೋತು ಬಿದ್ದಿರುತ್ತದೆ, ಹಾಗಾಗಿ ಕೆಳತುದಿಯನ್ನು ನಂಬದೆ ಮೇಲ್ತುದಿಯನ್ನೇ ಹಿಡಿಯಿರಿ. ನಿಮ್ಮ ಗ್ರೂಪ್ ಫೋಟೊದಲ್ಲಿ ಅದು ಹುಬ್ಬಿಗಿಂತ 30 ಪಿಕ್ಸೆಲ್, ಅಂದರೆ ಒಂದೂವರೆ ಸೆಂ.ಮೀ. ಮೇಲಿದೆ. ಕಿವಿ 9 ಸೆಂ.ಮೀ. ಹಿಂದಿರುವುದರಿಂದ ಈ ಏರಿಕೆ 10 ಡಿಗ್ರಿಯಷ್ಟು ತಗ್ಗಿದ್ದಕ್ಕೆ ಸಮ. ಜಗಲಿಯ ಫೋಟೊದಲ್ಲಿ ಕಿವಿ ಹುಬ್ಬಿನ ಸಾಲಿನಲ್ಲೇ ಇದೆ, ಮುಖ ಕ್ಯಾಮೆರಾಕ್ಕೆ ನೇರ. ಗ್ರೂಪ್ ಫೋಟೊದಲ್ಲಿ ಅಜ್ಜಿ ಕಣ್ಣು ಬಿಟ್ಟು ಕ್ಯಾಮೆರಾ ನೋಡಿದ್ದರೆ ಹೀಗೇ ಕಾಣುತ್ತಿತ್ತು. ಅಂದರೆ ತಲೆ ಸರಿಯಾದ ಕೋನದಲ್ಲೇ ಸಿಕ್ಕಿದೆ.

ಆದರೆ ಜಗಲಿಯಲ್ಲಿ ಅವರು ನೇರ ಕಂಡದ್ದು ಹೇಗೆ? ಫೋಟೊ ತೆಗೆದವರು ನಿಂತಿದ್ದರು, ಅಜ್ಜಿ ಕೂತು ಮುಖ ಎತ್ತಿ ಫೋನು ನೋಡಿದರು. ಫೋನು ಅವರ ಕಣ್ಣಿಗಿಂತ 40 ಸೆಂ.ಮೀ. ಮೇಲೆ, ಒಂದೂವರೆ ಮೀಟರ್ ಆಚೆ ಇದ್ದಿದ್ದರೆ ಮುಖ 15 ಡಿಗ್ರಿ ಎತ್ತಿದಂತಾಯಿತು. ಗಲ್ಲ ಮುಂದೆ ಬಂದು ಕುತ್ತಿಗೆ ಚಾಚಿಕೊಂಡಿದೆ, ಮೇಲಿಂದ ನೋಡಿದ್ದರಿಂದ ಕುತ್ತಿಗೆಯ ಬುಡ ಸಣ್ಣದಾಗಿಯೂ ಬಿದ್ದಿದೆ. ಆ ಕುತ್ತಿಗೆಯನ್ನು ಕಡಲತೀರದ ಹೆಗಲಿಗೆ ಜೋಡಿಸಿದರೆ ಅಜ್ಜಿ ಹಕ್ಕಿ ನೋಡುತ್ತಿರುವ ಹಾಗೆ ಕಾಣುತ್ತದೆ. ಆದ್ದರಿಂದ ತಲೆ ಜಗಲಿಯದು, ಕುತ್ತಿಗೆ ಕಡಲತೀರದ್ದು. ನೀವು ಇಲ್ಲಿಯವರೆಗೆ ಕುತ್ತಿಗೆ ಸಮೇತ ಕತ್ತರಿಸಿ ತಂದು ಕರಿಮಣಿ ಸರದ ಹತ್ತಿರ ಬೆಸೆಯಲು ನೋಡಿದ್ದು ಫೈಲಿನಲ್ಲಿ ಕಾಣುತ್ತದೆ. ಬೆಸುಗೆಯನ್ನು ಅಲ್ಲಿಂದ ಎತ್ತಿ ದವಡೆಯ ಕೆಳಗಿನ ನೆರಳಿಗೆ ತನ್ನಿ: ಒಂದು ಕಿವಿಯ ಹಿಂಬದಿಯಿಂದ ಇಳಿದು, ದವಡೆ ಮೂಳೆಯ ಕೆಳಗೆ ನೆರಳಿನೊಳಗೆ ಸಾಗಿ, ಇನ್ನೊಂದು ಕಿವಿಯ ಹಿಂದಕ್ಕೆ ಏರುವ ಗೆರೆ.

ತಲೆಯನ್ನು ಎಲ್ಲಿ ಇಡಬೇಕು? ಬಹಳ ಜನ ಹಳೆಯ ಗಲ್ಲದ ಮೇಲೆ ಹೊಸ ಗಲ್ಲ ಇಡುತ್ತಾರೆ. ತಲೆ ತಗ್ಗಿಸುವುದು ಎತ್ತುವುದು ನಡೆಯುವ ಕೀಲು ಕಿವಿಯ ಮಟ್ಟದಲ್ಲಿದೆ, ಗಲ್ಲ ಅದರ ಸುತ್ತ ತಿರುಗುತ್ತದೆ. ತಗ್ಗಿದ ಗಲ್ಲದ ಮೇಲೆ ನೇರ ಮುಖದ ಗಲ್ಲ ಕೂರಿಸಿದರೆ ಇಡೀ ತಲೆ ಒಂದೂವರೆ ಸೆಂ.ಮೀ. ಕೆಳಗಿಳಿದು, ಕುತ್ತಿಗೆ ಹೆಗಲೊಳಗೆ ಹೂತ ಹಾಗಾಗುತ್ತದೆ. ಬದಲು ಕಿವಿಯ ತೂತನ್ನು ಹೊಂದಿಸಿ (ಓಲೆಯ ತೂತಲ್ಲ, ಕೇಳುವ ತೂತು). ಹಳೆಯ ತಲೆಯ ಎರಡೂ ಕಿವಿತೂತುಗಳಿಗೆ ಗೈಡ್ ಗೆರೆ ಹಾಕಿ, ಹೊಸ ಪದರದ ಅಪಾರದರ್ಶಕತೆಯನ್ನು ಅರ್ಧಕ್ಕಿಳಿಸಿ ಅವುಗಳ ಮೇಲೆ ತನ್ನಿ. ಅದಕ್ಕೂ ಮೊದಲು ಪಕ್ಕದ ಓರೆಯನ್ನು ಸರಿಮಾಡಿಕೊಳ್ಳಬೇಕು. ಕಣ್ಣಿನ ಗೆರೆಯ A ಎರಡೂ ಫೋಟೊದಲ್ಲಿ ಓದಿ, ವ್ಯತ್ಯಾಸದಷ್ಟು ತಿರುಗಿಸಿ. ನಿಮ್ಮಲ್ಲಿ ಅದು ಮೂರೂವರೆ ಡಿಗ್ರಿ. ತಲೆಯನ್ನು ಚಂದಕ್ಕೆಂದು ನೆಟ್ಟಗೆ ಮಾಡಬೇಡಿ, ಹಳೆಯ ತಲೆಗಿದ್ದ ಓರೆಯನ್ನೇ ಕೊಡಿ. ಅಜ್ಜಿಯ ಹೆಗಲುಗಳು ಆ ಓರೆಗೆ ತಕ್ಕಂತೆ ನಿಂತಿವೆ.

ಹೀಗಿಟ್ಟಾಗ ಗಲ್ಲ ಹಳೆಯದಕ್ಕಿಂತ 30 ಪಿಕ್ಸೆಲ್ ಮೇಲಿರುತ್ತದೆ, ಅಷ್ಟು ಕುತ್ತಿಗೆ ಕಡಲತೀರದ ಫೋಟೊದಲ್ಲಿ ಇಲ್ಲವೇ ಇಲ್ಲ. ಹಳೆಯ ಗಲ್ಲ ಮುಚ್ಚಿಕೊಂಡಿತ್ತು. ಕುತ್ತಿಗೆಯನ್ನು ಕರಿಮಣಿಯ ಮೇಲಂಚಿನಿಂದ ಬೇರೆ ಪದರಕ್ಕೆ ತೆಗೆದು, Warp ನಿಂದ ಮೇಲಂಚನ್ನು ಮಾತ್ರ 35–40 ಪಿಕ್ಸೆಲ್ ಎತ್ತಿ ಹೊಸ ದವಡೆಯ ಅಡಿಗೆ ನುಗ್ಗಿಸಿ. ಕೆಳಗಿನ ಅಂಚು ಅಲ್ಲಾಡಬಾರದು. ಅಡ್ಡ ಸುಕ್ಕುಗಳು ದೂರ ದೂರ ಆಗಿ ಕಂಡರೆ ಚಿಂತಿಲ್ಲ. ತಲೆ ಎತ್ತಿದಾಗ ನಿಜವಾಗಿಯೂ ಹಾಗೆಯೇ ಆಗುತ್ತದೆ. ನೆರಳನ್ನು ಹಳೆಯ ಫೋಟೊದ್ದೇ ಉಳಿಸಿಕೊಳ್ಳಿ. ಮರಳು ಬೆಳಕನ್ನು ಕೆಳಗಿನಿಂದ ಎರಚುವುದರಿಂದ ಕಡಲತೀರದಲ್ಲಿ ದವಡೆಯಡಿ ನೆರಳು ತೆಳು. ಜಗಲಿಯ ನೆರಳು ದಟ್ಟ, ಅದರ ಒಂದು ಎಳೆ ಗಲ್ಲದಡಿ ಉಳಿದರೂ ಗಡ್ಡ ಬಂದಂತೆ ಕಾಣುತ್ತದೆ.

ಎಡಬಲ ತಿರುವನ್ನು ಬೇಗ ನೋಡಿಬಿಡೋಣ. ಮೂಗಿನ ತುದಿಯಿಂದ ಎರಡೂ ಕಣ್ಣಿನ ಹೊರಮೂಲೆಗೆ ಅಳೆದು, ಆ ಎರಡರ ಅನುಪಾತ ಎರಡೂ ಫೋಟೊದಲ್ಲಿ ಹೆಚ್ಚುಕಡಿಮೆ ಒಂದೇ ಇದ್ದರೆ ಸಾಕು. ಬಹಳ ಬೇರೆಯಿದ್ದರೆ ಆ ಫೋಟೊ ಬೇಡ. ಕಿವಿಯ ಹಿಂದಿನಿಂದ ಎದೆಮೂಳೆಗೆ ಇಳಿಯುವ ಸ್ನಾಯು ಮುಖ ಎಡಕ್ಕೆ ತಿರುಗಿದಾಗ ಬಲಗಡೆ ಎದ್ದು ಕಾಣುತ್ತದೆ, ಬಲಕ್ಕೆ ತಿರುಗಿದಾಗ ಎಡಗಡೆ. ಮುಖ ಒಂದು ಕಡೆ, ಎದ್ದ ಸ್ನಾಯು ಕೂಡ ಅದೇ ಕಡೆ ಆದರೆ ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಕುತ್ತಿಗೆ ತಿರುಚಿದೆ ಎನಿಸುತ್ತದೆ. ತಿರುವು ಹೊಂದಿಸಲು ಫೋಟೊವನ್ನು ಕನ್ನಡಿಯಂತೆ ಮಗುಚುವ ಉಪಾಯ ಅಜ್ಜಿಯರ ಫೋಟೊದಲ್ಲಿ ನಡೆಯದು: ಮೂಗುತಿ ಇನ್ನೊಂದು ಹೊಳ್ಳೆಗೆ ಹೋಗುತ್ತದೆ, ಮನೆಯವರು ಮೊದಲು ಹಿಡಿಯುವುದು ಅದನ್ನೇ.

ಮೈಯ ಪ್ರಮಾಣಕ್ಕೆ ‘ಮೈ ಏಳೂವರೆ ತಲೆ’ ಎಂಬ ಚಿತ್ರಕಾರರ ಸೂತ್ರವನ್ನು ಮರೆತುಬಿಡಿ. ಅದು ನಿಂತ ಯುವಕರಿಗೆ. ಬೆನ್ನು ಬಾಗಿ ಕೂತ ಅಜ್ಜಿಗೆ ಅದು ಹೊಂದದು, ಬೇಕಾಗಿಯೂ ಇಲ್ಲ, ಏಕೆಂದರೆ ಅವರ ಸ್ವಂತ ತಲೆ ಅದೇ ಫೋಟೊದಲ್ಲಿದೆ. ಹಳೆಯ ತಲೆಯ ಒಂದು ಕಿವಿಯಿಂದ ಇನ್ನೊಂದಕ್ಕಿರುವ ಅಗಲವನ್ನು ಹೊಸದರ ಜೊತೆ ಹೋಲಿಸಿ. ವ್ಯತ್ಯಾಸ 5 ಪಿಕ್ಸೆಲ್ ಒಳಗಿದ್ದರೆ ಅಳತೆ ಕೂತಿದೆ. ಹಳೆಯ ತಲೆಯೇ ಮರೆಯಾಗಿರುವ ಫೋಟೊಗಳಲ್ಲಿ ಅದೇ ಸಾಲಿನಲ್ಲಿ ಕೂತ ಬೇರೆ ವಯಸ್ಕರ ಕಣ್ಣಂತರ ಹಿಡಿಯಬೇಕು. ಹಿಂದಿನ ಸಾಲಿನವರದ್ದಲ್ಲ, ಮುಂದೆ ಮರಳಿನ ಮೇಲೆ ಕೂತ ಮಕ್ಕಳದ್ದಂತೂ ಅಲ್ಲ.

ಕುತ್ತಿಗೆ ಬೆಸೆಯುವ ತಲೆನೋವೇ ಬೇಡವೆಂದು ಜಗಲಿಯ ಅಜ್ಜಿಯನ್ನು ಮೈ ಸಮೇತ ತಂದು ಕುರ್ಚಿಯಲ್ಲಿ ಕೂರಿಸುವ ಆಸೆ ಬರಬಹುದು. ಕೂತವರ ಮೊಣಕಾಲು ಮುಖಕ್ಕಿಂತ ಅರ್ಧ ಮೀಟರ್ ಮುಂದಿರುತ್ತದೆ. ನಾಲ್ಕೂವರೆ ಮೀಟರಿನಿಂದ ಅದು ಮುಖಕ್ಕಿಂತ ಶೇ. 12ರಷ್ಟು ದೊಡ್ಡದಾಗಿ ಬೀಳುತ್ತದೆ, ಒಂದೂವರೆ ಮೀಟರಿನಿಂದ ಶೇ. 50. ಪಕ್ಕದಲ್ಲಿ ಕೂತವರ ಮೊಣಕಾಲಿನ ಎದುರು ಅಜ್ಜಿಯ ಮೊಣಕಾಲು ಕುಂಬಳಕಾಯಿಯಂತೆ ಕಾಣುತ್ತದೆ.

ಅಜ್ಜಿ ಶಿರಸಿಯಲ್ಲೇ ಇದ್ದಾರೆ, ಒಪ್ಪುತ್ತಾರೆ ಎಂದಾದರೆ ಇವೆಲ್ಲಕ್ಕಿಂತ ಹಗುರದ ದಾರಿ ಅಂಗಳದಲ್ಲಿ ಇನ್ನೊಂದು ಫೋಟೊ. ಅದೇ 35 ಮಿ.ಮೀ. ಲೆನ್ಸು, ಟೇಪಿನಲ್ಲಿ ಅಳೆದ ನಾಲ್ಕೂವರೆ ಮೀಟರ್, ಕಡಲತೀರದಲ್ಲಿ ಕ್ಯಾಮೆರಾ ಇದ್ದಷ್ಟೇ ಎತ್ತರ, ಅದೇ ಬಗೆಯ ಕುರ್ಚಿ. ಚಪ್ಪರದ ಚುಕ್ಕೆ ಬಿಸಿಲು ಮುಖಕ್ಕೆ ಬೀಳದಿರಲಿ. ದವಡೆಯ ನೆರಳು ತೆಳುವಾಗಲು ಅವರ ಕಾಲ ಮುಂದೆ ನೆಲಕ್ಕೆ ಬಿಳಿ ಪಂಚೆ ಹಾಸಿ, ಅದು ಮರಳಿನ ಕೆಲಸ ಮಾಡುತ್ತದೆ. ಆಗ Liquify ಕೂಡ ಬೇಕಾಗದು.

ಜಗಲಿಯ ಫೋಟೊದಿಂದಲೇ ಮುಗಿಸುವುದಾದರೆ ಕೊನೆಗೆ ಇನ್ನೊಂದನ್ನು ನೋಡಿ. ತಲೆಯನ್ನು ಮೂರೂವರೆ ಡಿಗ್ರಿ ತಿರುಗಿಸಿದಾಗ ಜುಮುಕಿಯೂ ಅಷ್ಟೇ ತಿರುಗಿ ಓರೆಯಾಗಿ ತೂಗುತ್ತದೆ. ತಲೆ ಓರೆಯಾದರೂ ಜುಮುಕಿ ನೆಟ್ಟಗೇ ಇಳಿಯಬೇಕು. ಎರಡನ್ನೂ ಬೇರೆ ಪದರಕ್ಕೆ ತೆಗೆದು, ಹಾಲೆಯ ತೂತನ್ನೇ ತಿರುಗುವ ಬಿಂದುವಾಗಿಟ್ಟು, ಮೂರೂವರೆ ಡಿಗ್ರಿ ಹಿಂದಕ್ಕೆ ತಿರುಗಿಸಿ.